ಚಿತ್ರ ಕಿರಿದಾದರೂ ಬೆಳಕಿನ ಲೆಕ್ಕ ತಪ್ಪಬಾರದು
ಕ್ಯಾಟಲಾಗ್ ಛಾಯಾಚಿತ್ರಗಳಲ್ಲಿ ಹುಸಿ ಪಟ್ಟೆ, ಮಿನುಗಾಟ ಮತ್ತು ಮಂಕುತನ: ಕಾರಣ ಮತ್ತು ಪರಿಹಾರ

ಅಂತರಜಾಲದ ಮೂಲಕ ಸೀರೆ, ಪಂಚೆ, ಹೊದಿಕೆ ಮೊದಲಾದ ನೇಯ್ಗೆ ಸರಕುಗಳನ್ನು ಮಾರುವ ವರ್ತಕರಿಗೆ ಒಂದು ದೂರು ಪರಿಚಿತವಾದುದು. "ಚಿತ್ರದಲ್ಲಿ ಕಂಡದ್ದೇ ಬೇರೆ, ಕೈಗೆ ಬಂದದ್ದೇ ಬೇರೆ" ಎಂದು ಗ್ರಾಹಕರು ಸರಕನ್ನು ಹಿಂತಿರುಗಿಸುತ್ತಾರೆ. ಹೋಗಿಬರುವ ಸಾಗಾಣಿಕೆಯ ವೆಚ್ಚ ವರ್ತಕರ ತಲೆಯ ಮೇಲೆ ಬೀಳುತ್ತದೆ. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ, ಸರಕು ಜಾಹೀರಾತಿನಲ್ಲಿ ತೋರಿಸಿದ ಗುಣಲಕ್ಷಣಗಳನ್ನು ಹೊಂದಿರದಿದ್ದರೆ ಅದನ್ನು ಹಿಂಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಆದುದರಿಂದ ಚಿತ್ರದ ಸತ್ಯಾಸತ್ಯತೆ ಕೇವಲ ಅಂದಚೆಂದದ ವಿಷಯವಲ್ಲ.

ಇಂತಹ ಸಂದರ್ಭಗಳಲ್ಲಿ ದೋಷವನ್ನು ಸಾಮಾನ್ಯವಾಗಿ ಛಾಯಾಗ್ರಾಹಕರ ಮೇಲೋ, ದೀಪದ ವ್ಯವಸ್ಥೆಯ ಮೇಲೋ ಹೊರಿಸಲಾಗುತ್ತದೆ. ಮೂಲ ಚಿತ್ರವನ್ನು ತೆರೆದು ನೋಡಿದರೆ ಅದು ಅನೇಕ ವೇಳೆ ಸರಿಯಾಗಿಯೇ ಇರುತ್ತದೆ. ತಪ್ಪು ನಡೆದಿರುವುದು ನಂತರದ ಹಂತದಲ್ಲಿ, ಅಂದರೆ ದೊಡ್ಡ ಚಿತ್ರವನ್ನು ಜಾಲತಾಣಕ್ಕೆ ಬೇಕಾದ ಅಳತೆಗೆ ಕಿರಿದುಗೊಳಿಸುವಾಗ. ಈ ಒಂದೇ ಹಂತದಲ್ಲಿ ಎರಡು ಬೇರೆ ಬೇರೆ ತಪ್ಪುಗಳು ನಡೆಯಬಲ್ಲವು. ಮೊದಲನೆಯದು ಇಲ್ಲದ ಪಟ್ಟೆಗಳನ್ನು ಹುಟ್ಟಿಸುತ್ತದೆ; ಎರಡನೆಯದು ಇರುವ ಹೊಳಪನ್ನು ನುಂಗುತ್ತದೆ. ಎರಡನ್ನೂ ಒಂದು ಲೆಕ್ಕದ ಮೂಲಕ ಪರಿಶೀಲಿಸುವುದು ಉಚಿತ.

ಲೆಕ್ಕಕ್ಕಾಗಿ ಒಂದು ಸೀರೆ

ಕಡು ಬಣ್ಣದ ಒಡಲಿನ ಉದ್ದಕ್ಕೂ ತೆಳುವಾದ ಜರಿಯ ಗೆರೆಗಳಿರುವ ಒಂದು ಸೀರೆಯನ್ನು ಭಾವಿಸೋಣ. ಒಂದು ಮೀಟರ್ ಅಗಲದಲ್ಲಿ ಇಂತಹ 510 ಗೆರೆಗಳಿವೆ. ಅಂದರೆ ಒಂದು ಗೆರೆಯಿಂದ ಮತ್ತೊಂದಕ್ಕೆ ಇರುವ ಅಂತರ ಎರಡು ಮಿಲಿಮೀಟರಿಗಿಂತ ತುಸು ಕಡಿಮೆ. ಈ ಒಂದು ಮೀಟರ್ ಬಟ್ಟೆ ಛಾಯಾಚಿತ್ರದಲ್ಲಿ 4000 ಪಿಕ್ಸೆಲ್‌ಗಳಷ್ಟು ಅಗಲವಾಗಿ ಮೂಡಿದೆ. ಆಗ ಪ್ರತಿ ಮಿಲಿಮೀಟರಿಗೆ 4 ಪಿಕ್ಸೆಲ್, ಪ್ರತಿ ಗೆರೆಯ ಆವರ್ತನೆಗೆ ಸುಮಾರು 7.84 ಪಿಕ್ಸೆಲ್ ದೊರೆತಂತಾಯಿತು. ಅದರಲ್ಲಿ ಜರಿಯ ಪಾಲು ಒಂದು ಪಿಕ್ಸೆಲ್, ಉಳಿದದ್ದು ಒಡಲಿನ ಬಣ್ಣ.

ಕಡತದಲ್ಲಿ ಪ್ರತಿ ಪಿಕ್ಸೆಲ್‌ನ ಪ್ರಕಾಶವನ್ನು 0ಯಿಂದ 255ರವರೆಗಿನ ಒಂದು ಅಂಕಿಯಿಂದ ಸೂಚಿಸಲಾಗುತ್ತದೆ. ಬಣ್ಣದ ಚಿತ್ರದಲ್ಲಿ ಕೆಂಪು, ಹಸಿರು ಮತ್ತು ನೀಲಿಗೆ ಇಂತಹ ಒಂದೊಂದು ಅಂಕಿ ಇರುತ್ತದೆ. ಮೂರಕ್ಕೂ ಲೆಕ್ಕ ಒಂದೇ ಆದ್ದರಿಂದ ಇಲ್ಲಿ ಒಂದನ್ನೇ ತೆಗೆದುಕೊಂಡರೆ ಸಾಕು. ಜರಿಯ ಅಂಕಿ 240, ಒಡಲಿನ ಅಂಕಿ 30 ಎಂದಿಟ್ಟುಕೊಳ್ಳೋಣ. ಜಾಲತಾಣಕ್ಕೆ ಬೇಕಾಗಿರುವುದು 500 ಪಿಕ್ಸೆಲ್ ಅಗಲದ ಚಿತ್ರ, ಅಂದರೆ ಮೂಲದ ಎಂಟನೆಯ ಒಂದು ಭಾಗ.

ಇಲ್ಲದ ಪಟ್ಟೆಗಳು ಬರುವ ಬಗೆ

ಚಿತ್ರವನ್ನು ಎಂಟನೆಯ ಒಂದು ಭಾಗಕ್ಕೆ ಇಳಿಸುವ ಅತ್ಯಂತ ಸುಲಭದ ವಿಧಾನವೆಂದರೆ, ಎಂಟು ಪಿಕ್ಸೆಲ್‌ಗಳಲ್ಲಿ ಒಂದನ್ನು ಇಟ್ಟುಕೊಂಡು ಏಳನ್ನು ಎಸೆದುಬಿಡುವುದು. ವೇಗವೇ ಮುಖ್ಯವಾದ ಹಲವು ತಂತ್ರಾಂಶಗಳು ಇಂದಿಗೂ ಹೀಗೆಯೇ ಮಾಡುತ್ತವೆ. ಇದು ಗೋದಾಮಿನ ಮೂಟೆಗಳಲ್ಲಿ ಎಂಟಕ್ಕೊಂದನ್ನು ಬಿಚ್ಚಿ ನೋಡಿ ಇಡೀ ದಾಸ್ತಾನನ್ನು ನಿರ್ಧರಿಸಿದಂತೆ. ಮೂಟೆಗಳು ಯಾವ ಕ್ರಮವೂ ಇಲ್ಲದೆ ಜೋಡಿಸಿದ್ದರೆ ಈ ಮಾದರಿ ಪರೀಕ್ಷೆ ಸಾಕಷ್ಟು ನಂಬಲರ್ಹ. ಆದರೆ ಮೂಟೆಗಳನ್ನು ಹೆಚ್ಚುಕಡಿಮೆ ಎಂಟರ ಆವರ್ತನೆಯಲ್ಲೇ ಜೋಡಿಸಿದ್ದರೆ ಫಲಿತಾಂಶ ಪೂರ್ತಿ ದಾರಿ ತಪ್ಪಿಸುತ್ತದೆ. ನೇಯ್ಗೆಯಲ್ಲಿ ಇರುವುದೇ ಇಂತಹ ಆವರ್ತನೆ.

ನಮ್ಮ ಸೀರೆಯಲ್ಲಿ ಏನಾಗುತ್ತದೆ ಎಂಬುದನ್ನು ಗಮನಿಸಬೇಕು. ಮಾದರಿ ತೆಗೆಯುವ ಹೆಜ್ಜೆ 8 ಪಿಕ್ಸೆಲ್, ಗೆರೆಗಳ ಆವರ್ತನೆ 7.84 ಪಿಕ್ಸೆಲ್. ಪ್ರತಿ ಹೆಜ್ಜೆಯೂ ಗೆರೆಯಿಂದ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಜಾರುತ್ತದೆ. 50 ಹೆಜ್ಜೆಗಳನ್ನು ಹಾಕುವಷ್ಟರಲ್ಲಿ 51 ಗೆರೆಗಳು ದಾಟಿಹೋಗಿ, ಮಾದರಿ ಮತ್ತೆ ಮೊದಲಿನ ಸ್ಥಾನಕ್ಕೇ ಬರುತ್ತದೆ. ಈ 50ರಲ್ಲಿ ಸುಮಾರು 6 ಮಾದರಿಗಳು ಒಂದರ ಹಿಂದೊಂದರಂತೆ ಜರಿಯ ಮೇಲೆಯೇ ಬೀಳುತ್ತವೆ. ಉಳಿದ 44 ಮಾದರಿಗಳು ಜರಿಯನ್ನು ಮುಟ್ಟುವುದೇ ಇಲ್ಲ.

ಪರಿಣಾಮವಾಗಿ 500 ಪಿಕ್ಸೆಲ್‌ಗಳ ಚಿತ್ರದಲ್ಲಿ 10 ಅಗಲವಾದ ಹೊಳೆಯುವ ಪಟ್ಟೆಗಳು ಕಾಣಿಸಿಕೊಳ್ಳುತ್ತವೆ. ಬಟ್ಟೆಯ ಅಳತೆಯಲ್ಲಿ ಹೇಳುವುದಾದರೆ ಪ್ರತಿ ಪಟ್ಟೆಯೂ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಅಗಲ; ಎರಡು ಪಟ್ಟೆಗಳ ನಡುವೆ ಸುಮಾರು ಒಂಬತ್ತು ಸೆಂಟಿಮೀಟರ್ ಬರಿಯ ಒಡಲು. ಮೈತುಂಬ ಜರಿಗೆರೆಯಿರುವ ಸೀರೆಯು ಹತ್ತೇ ಹತ್ತು ದಪ್ಪ ಪಟ್ಟೆಗಳ ಸೀರೆಯಾಗಿ ಮಾರ್ಪಟ್ಟಿತು. ನೇಕಾರರು ಇದನ್ನು ನೇಯ್ದಿಲ್ಲ, ಛಾಯಾಗ್ರಾಹಕರು ತೆಗೆದಿಲ್ಲ. ಈ ಹುಸಿ ಆಕೃತಿಗೆ ತಂತ್ರಜ್ಞರು ಏಲಿಯಾಸಿಂಗ್ ಎಂದೂ, ಬಟ್ಟೆಯ ಮೇಲೆ ಕಾಣುವ ಅದರ ಅಲೆಯಂತಹ ರೂಪಕ್ಕೆ ಮೊಯ್ರೆ ಎಂದೂ ಹೇಳುತ್ತಾರೆ.

ಅದೇ ಚಿತ್ರವನ್ನು 500ರ ಬದಲು 480 ಪಿಕ್ಸೆಲ್‌ಗೆ ಇಳಿಸಿದರೆ ಪಟ್ಟೆಗಳ ಸಂಖ್ಯೆ 10ರಿಂದ 30ಕ್ಕೆ ಜಿಗಿಯುತ್ತದೆ. ಅಳತೆಯಲ್ಲಿ ನೂರಕ್ಕೆ ನಾಲ್ಕರಷ್ಟು ವ್ಯತ್ಯಾಸವಾದರೆ ಸೀರೆಯ ವಿನ್ಯಾಸವೇ ಬದಲಾಗುತ್ತದೆ! ಹುಸಿ ಪಟ್ಟೆಯನ್ನು ಗುರುತಿಸುವ ಅತ್ಯಂತ ಸರಳ ಪರೀಕ್ಷೆಯೂ ಇದರಲ್ಲೇ ಅಡಗಿದೆ. ಚಿತ್ರದ ಅಳತೆಯನ್ನು ತುಸು ಬದಲಿಸಿದಾಗ ಪಟ್ಟೆಗಳು ಜಾಗ ಅಥವಾ ಸಂಖ್ಯೆಯನ್ನು ಬದಲಿಸಿದರೆ ಅವು ಹುಸಿ. ನಿಜವಾದ ಪಟ್ಟೆಗಳು ಚಿತ್ರದೊಂದಿಗೆ ಹಿಗ್ಗುತ್ತವೆ, ಕುಗ್ಗುತ್ತವೆ, ಆದರೆ ಎಣಿಕೆಯಲ್ಲಿ ಅಷ್ಟೇ ಇರುತ್ತವೆ. ವಿಡಿಯೋದಲ್ಲಿ ಸೀರೆಯುಟ್ಟ ರೂಪದರ್ಶಿ ಒಂದು ಹೆಜ್ಜೆ ಇಟ್ಟಾಗ ಮಾದರಿಗಳು ಬಟ್ಟೆಯ ಬೇರೆ ಬೇರೆ ಕಡೆ ಬೀಳುವುದರಿಂದ ಪಟ್ಟೆಗಳು ಹರಿದಾಡುತ್ತವೆ, ಮಿನುಗುತ್ತವೆ. ಮಿನುಗಾಟವೆಂಬುದು ಇದೇ ದೋಷದ ಚಲಿಸುವ ರೂಪ.

ಅರ್ಧದ ಮಿತಿ

ಇದರ ಹಿಂದಿರುವ ನಿಯಮ ಹಳೆಯದು. 1928ರಲ್ಲಿ ಹ್ಯಾರಿ ನೈಕ್ವಿಸ್ಟ್ ತಂತಿ ಸಂದೇಶಗಳ ಕುರಿತು ಬರೆದ ಪ್ರಬಂಧದಲ್ಲಿ ಅದರ ಬೀಜವಿದೆ; 1949ರಲ್ಲಿ ಕ್ಲಾಡ್ ಶಾನನ್ ಅದನ್ನು ಪ್ರಮೇಯದ ರೂಪದಲ್ಲಿ ಪ್ರಕಟಿಸಿದರು. ಒಂದು ಗೆರೆಯನ್ನೂ ಅದರ ಪಕ್ಕದ ಅಂತರವನ್ನೂ ತೋರಿಸಲು ಕನಿಷ್ಠ ಎರಡು ಪಿಕ್ಸೆಲ್‌ಗಳಾದರೂ ಬೇಕು. ಹಾಗಾಗಿ 500 ಪಿಕ್ಸೆಲ್‌ಗಳಲ್ಲಿ ಹಿಡಿಸುವುದು ಹೆಚ್ಚೆಂದರೆ 250 ಗೆರೆಗಳು. ನಮ್ಮ ಸೀರೆಯ 510 ಗೆರೆಗಳು ಅಲ್ಲಿ ಬಿಡಿಬಿಡಿಯಾಗಿ ಕಾಣಲು ಸಾಧ್ಯವೇ ಇಲ್ಲ. ಪ್ರಾಮಾಣಿಕವಾಗಿ ತೋರಿಸಬಹುದಾದದ್ದು ಒಂದೇ: ಜರಿಯೂ ಒಡಲೂ ಬೆರೆತ ಸಮನಾದ ಹೊಳಪು. ದೂರದಿಂದ ಆ ಸೀರೆಯನ್ನು ನೋಡಿದವರ ಕಣ್ಣಿಗೂ ಅದೇ ಕಾಣುತ್ತದೆ.

ಆದ್ದರಿಂದ ಹೊಸ ಅಳತೆಯಲ್ಲಿ ಹಿಡಿಸಲಾರದಷ್ಟು ಸೂಕ್ಷ್ಮವಾದ ವಿವರವನ್ನು ಮೊದಲು ಸರಾಸರಿ ಮಾಡಿ ಬೆರೆಸಿ, ಆಮೇಲೆ ಮಾದರಿ ತೆಗೆಯಬೇಕು. ಈ ಬೆರೆಸುವ ಕ್ರಿಯೆಗೆ ಫಿಲ್ಟರ್ ಎಂದು ಹೆಸರು. ಎಂಟು ಪಟ್ಟು ಕಿರಿದಾಗಿಸುವಾಗ ಅಡ್ಡ ಎಂಟು, ಉದ್ದ ಎಂಟು, ಒಟ್ಟು 64 ಪಿಕ್ಸೆಲ್‌ಗಳೂ ಹೊಸ ಪಿಕ್ಸೆಲ್‌ನ ಲೆಕ್ಕದಲ್ಲಿ ಸೇರಬೇಕು. ಹಲವರು ಎಡವುವುದು ಇಲ್ಲಿಯೇ. ಬೈಲೀನಿಯರ್ ಎಂಬ ಆಯ್ಕೆಯನ್ನು ಒತ್ತಿದರೆ ಸರಾಸರಿ ಆಗುತ್ತದೆಂದು ಭಾವಿಸಲಾಗುತ್ತದೆ. ಆದರೆ ಕೆಲವು ತಂತ್ರಾಂಶಗಳಲ್ಲಿ ಆ ಆಯ್ಕೆ ಎಷ್ಟೇ ಪಟ್ಟು ಕಿರಿದುಗೊಳಿಸಿದರೂ ನೆರೆಯ ನಾಲ್ಕೇ ಪಿಕ್ಸೆಲ್‌ಗಳನ್ನು ನೋಡುತ್ತದೆ. ಉಳಿದ 60 ಲೆಕ್ಕದಿಂದ ಹೊರಗುಳಿಯುತ್ತವೆ, ಹುಸಿ ಪಟ್ಟೆಗಳು ಹಾಗೆಯೇ ಉಳಿಯುತ್ತವೆ. ಫಿಲ್ಟರಿನ ಹೆಸರಿಗಿಂತ, ಕಿರಿದಾಗುವ ಪ್ರಮಾಣಕ್ಕೆ ತಕ್ಕಂತೆ ಅದು ಹರವನ್ನು ಹಿಗ್ಗಿಸಿಕೊಳ್ಳುತ್ತದೆಯೇ ಎಂಬುದು ಮುಖ್ಯ.

64 ಪಿಕ್ಸೆಲ್‌ಗಳ ಸರಳ ಸರಾಸರಿ ನಮ್ಮ ಸೀರೆಗೆ ಸಾಕು, ಏಕೆಂದರೆ ಗೆರೆಗಳ ಆವರ್ತನೆ ಎಂಟಕ್ಕೆ ಹತ್ತಿರವಿದೆ. ಬೇರೆ ಆವರ್ತನೆಯ ನೇಯ್ಗೆಗಳಲ್ಲಿ ಅದು ಪಟ್ಟೆಗಳ ಛಾಯೆಯನ್ನು ಉಳಿಸಬಹುದು. ಅಂತಹ ಕಡೆ ಅಕ್ಕಪಕ್ಕದ ಇನ್ನಷ್ಟು ಪಿಕ್ಸೆಲ್‌ಗಳನ್ನು ತೂಕವಿಟ್ಟು ಸೇರಿಸುವ ಲ್ಯಾಂಜೋಸ್ ಅಥವಾ 1988ರಲ್ಲಿ ಪ್ರಕಟವಾದ ಮಿಚೆಲ್-ನೇತ್ರವಲಿ ಫಿಲ್ಟರುಗಳು ಹೆಚ್ಚು ಶುದ್ಧವಾದ ಫಲ ಕೊಡುತ್ತವೆ.

ಹೊಳಪು ಕಾಣೆಯಾಗುವ ಬಗೆ

ಈಗ ಹುಸಿ ಪಟ್ಟೆಗಳು ಮಾಯವಾದವು. ಆದರೂ ಸೀರೆ ಮಂಕಾಗಿ ಕಾಣುತ್ತದೆ. ಕಾರಣವೆಂದರೆ ಎರಡನೆಯ ತಪ್ಪು: ಸರಾಸರಿ ಮಾಡಿದ್ದು ಸರಿ, ಆದರೆ ಸರಾಸರಿ ಮಾಡಿದ ವಸ್ತು ಸರಿಯಿಲ್ಲ.

ಕಡತದಲ್ಲಿರುವ 0-255ರ ಅಂಕಿ ಬೆಳಕಿನ ಪ್ರಮಾಣವಲ್ಲ. ಅದು ಬೆಳಕಿನ ಸಂಕೇತ ಮಾತ್ರ. ಬಟ್ಟೆ ಅಂಗಡಿಗಳಲ್ಲಿ ಅಸಲು ಬೆಲೆಯನ್ನು ಚೀಟಿಯ ಮೇಲೆ ಗುಟ್ಟಿನ ಅಕ್ಷರಗಳಲ್ಲಿ ಬರೆದಿಡುವ ರೂಢಿಯನ್ನು ವರ್ತಕರು ಬಲ್ಲರು. ಎರಡು ಸರಕುಗಳ ಸರಾಸರಿ ಬೆಲೆ ಬೇಕಾದರೆ ಮೊದಲು ಗುಟ್ಟನ್ನು ಬಿಡಿಸಿ ರೂಪಾಯಿಗೆ ತರಬೇಕು, ಬಳಿಕ ಕೂಡಬೇಕು. ಚಿತ್ರದ ಅಂಕಿಗಳಿಗೂ ಅದೇ ನಿಯಮ ಅನ್ವಯಿಸುತ್ತದೆ.

ಸಂಕೇತದ ಈ ಪದ್ಧತಿಗೆ ಕಾರಣವಿದೆ. ಮಾನವನ ಕಣ್ಣು ಕತ್ತಲೆಯ ಸಣ್ಣ ವ್ಯತ್ಯಾಸಗಳನ್ನು ಚೆನ್ನಾಗಿ ಗುರುತಿಸುತ್ತದೆ, ಪ್ರಖರ ಬೆಳಕಿನಲ್ಲಿ ಅಷ್ಟೇ ವ್ಯತ್ಯಾಸವನ್ನು ಲೆಕ್ಕಿಸುವುದಿಲ್ಲ. ಇರುವ 256 ಅಂಕಿಗಳನ್ನು ಮಿತವ್ಯಯದಿಂದ ಬಳಸಲು ಅವುಗಳಲ್ಲಿ ಹೆಚ್ಚಿನ ಪಾಲನ್ನು ಕತ್ತಲೆಯ ಭಾಗಕ್ಕೆ ಹಂಚಲಾಗಿದೆ. ಹಳೆಯ ಗಾಜಿನ ಕೊಳವೆಯ ಪರದೆಗಳ ಸ್ವಭಾವವೂ ಈ ಹಂಚಿಕೆಗೆ ಹೊಂದುತ್ತಿತ್ತು. 1999ರಲ್ಲಿ ಎಸ್‌ಆರ್‌ಜಿಬಿ ಎಂಬ ಅಂತರರಾಷ್ಟ್ರೀಯ ಮಾನಕವಾಗಿ ಇದು ಸ್ಥಿರವಾಯಿತು. ಜಾಲತಾಣಗಳ ಚಿತ್ರಗಳು ಸಾಮಾನ್ಯವಾಗಿ ಇದನ್ನೇ ಅನುಸರಿಸುತ್ತವೆ. ಈ ಮಾನಕದ ಪ್ರಕಾರ 255 ಪೂರ್ಣ ಬೆಳಕಾದರೆ, 128 ಅದರ ಅರ್ಧವಲ್ಲ, ಸುಮಾರು ಶೇ. 22 ಮಾತ್ರ. ಅರ್ಧ ಬೆಳಕಿನ ಸಂಕೇತ 188.

ನಮ್ಮ ಸೀರೆಯ ಎಂಟು ಪಿಕ್ಸೆಲ್‌ಗಳ ಲೆಕ್ಕಕ್ಕೆ ಬರೋಣ. ಒಂದು ಜರಿಯದು, ಏಳು ಒಡಲಿನವು. ಸಂಕೇತಗಳನ್ನೇ ಕೂಡಿ ಎಂಟರಿಂದ ಭಾಗಿಸಿದರೆ, ಅಂದರೆ 240ಕ್ಕೆ ಏಳು ಬಾರಿ 30ನ್ನು ಸೇರಿಸಿ ಸರಾಸರಿ ತೆಗೆದರೆ, ಬರುವುದು 56. ಈಗ ಗುಟ್ಟನ್ನು ಬಿಡಿಸಿ ಮಾಡೋಣ. ಸಂಕೇತ 240 ಎಂದರೆ ಪೂರ್ಣ ಬೆಳಕಿನ ಶೇ. 87.1, ಸಂಕೇತ 30 ಎಂದರೆ ಶೇ. 1.3. ಎಂಟರ ಸರಾಸರಿ ಬೆಳಕು ಶೇ. 12. ಇದನ್ನು ಮರಳಿ ಸಂಕೇತಕ್ಕೆ ತಂದರೆ 97.

56 ಎಲ್ಲಿ, 97 ಎಲ್ಲಿ? ಸಂಕೇತ 56 ಹೊರಸೂಸುವ ಬೆಳಕು ಶೇ. 4ರಷ್ಟು ಮಾತ್ರ. ಬರಬೇಕಾದ ಬೆಳಕು ಶೇ. 12. ಹೀಗೆ ಮೂರರಲ್ಲಿ ಎರಡು ಪಾಲು ಬೆಳಕು ಯಾವ ಖಾತೆಗೂ ಜಮೆಯಾಗದೆ ಕಾಣೆಯಾಯಿತು. ಕಾಣೆಯಾದದ್ದು ಬಹುತೇಕ ಜರಿಯ ಬೆಳಕೇ. ತೆಳುವಾದ ಹೊಳೆಯುವ ಎಳೆ ಕಡು ಹಿನ್ನೆಲೆಯಲ್ಲಿದ್ದಾಗ ನಷ್ಟ ಹೀಗೆ ದೊಡ್ಡದಾಗುತ್ತದೆ. ಸೂಕ್ಷ್ಮ ವಿವರ ಅಳಿಸಿಹೋಯಿತೆಂದು ಗ್ರಾಹಕರು ಹೇಳುವುದು ಇದನ್ನೇ.

ಇಲ್ಲಿ ಒಂದು ಆಕ್ಷೇಪ ಸಹಜ. ಕಣ್ಣಿಗೆ 128 ಹೆಚ್ಚುಕಡಿಮೆ ಕಪ್ಪು-ಬಿಳುಪಿನ ನಡುವಿನ ಬೂದಿಯಾಗಿಯೇ ತೋರುತ್ತದೆ. ಹಾಗಿದ್ದಮೇಲೆ ಸಂಕೇತಗಳ ಸರಾಸರಿ ತಪ್ಪೇಕೆ? ಉತ್ತರ ಕ್ರಮದಲ್ಲಿದೆ. ದೂರದಿಂದ ಸೀರೆಯನ್ನು ನೋಡುವಾಗ ಜರಿಯ ಬೆಳಕೂ ಒಡಲಿನ ಬೆಳಕೂ ಕಣ್ಣಿನ ಮಸೂರದಲ್ಲೇ ಒಂದಾಗಿ ಬೆರೆಯುತ್ತವೆ. ಕಣ್ಣಿನ ಒಳಪರದೆ ಅದನ್ನು ಗ್ರಹಿಸಿ ಹೊಳಪೆಂದು ಅಳೆಯುವುದು ಅನಂತರ. ಬೆರಕೆ ಮೊದಲು, ಅಳತೆ ಆಮೇಲೆ. ಚಿತ್ರ ಕಿರಿದುಗೊಳಿಸುವಾಗಲೂ ಬೆಳಕನ್ನು ಮೊದಲು ಬೆರೆಸಿ, ಸಂಕೇತವನ್ನು ಆಮೇಲೆ ಬರೆದರೆ ಮಾತ್ರ ಅದು ನಿಸರ್ಗದ ಕ್ರಮಕ್ಕೆ ಹೊಂದುತ್ತದೆ. ಈ ವಿಧಾನವನ್ನೇ ಲೀನಿಯರ್ ಲೈಟ್ ಎಂದು ಕರೆಯಲಾಗುತ್ತದೆ.

ಹೊಳಪು ಏರಿಸಿದರೆ ಸಾಲದೇ?

ಮಂಕಾದ ಚಿತ್ರವನ್ನು ಕೊನೆಯಲ್ಲಿ ಸ್ವಲ್ಪ ಬೆಳಗಿಸಿದರಾಯಿತು ಎಂಬುದು ಹಲವರ ಅಭಿಪ್ರಾಯ. ಇದು ಸರಿಯಾದ ಪರಿಹಾರವಲ್ಲ. ಸಂಕೇತಗಳ ಸರಾಸರಿಯಿಂದ ನಷ್ಟವಾಗುವುದು ಅಕ್ಕಪಕ್ಕದ ಪಿಕ್ಸೆಲ್‌ಗಳು ಪರಸ್ಪರ ಭಿನ್ನವಾಗಿರುವ ಕಡೆ ಮಾತ್ರ. ಒಂದೇ ಬಣ್ಣದ ಬಯಲಿನಲ್ಲಿ ಎಂಟು ಪಿಕ್ಸೆಲ್‌ಗಳೂ 97 ಆಗಿದ್ದರೆ ಯಾವ ವಿಧಾನದಿಂದ ಮಾಡಿದರೂ ಸರಾಸರಿ 97ರೇ. ಗೆರೆ ತುಂಬಿದ ಒಡಲು ಮಂಕಾಗಿ, ಗೆರೆಯಿಲ್ಲದ ಅಂಚು ಇದ್ದಂತೆಯೇ ಉಳಿಯುತ್ತದೆ. ಇಡೀ ಚಿತ್ರವನ್ನು ಬೆಳಗಿಸಿದರೆ ಒಡಲು ಸರಿಹೋಗುವಷ್ಟರಲ್ಲಿ ಅಂಚಿನ ಬಣ್ಣ ತಿಳಿಯಾಗಿ ಕೆಡುತ್ತದೆ. ಒಡಲಿಗೂ ಅಂಚಿಗೂ ಇದ್ದ ಸಂಬಂಧವೇ ತಪ್ಪಿದ ಮೇಲೆ ಒಟ್ಟು ಮೊತ್ತವನ್ನು ತಿದ್ದಿ ಪ್ರಯೋಜನವಿಲ್ಲ.

ಕಾರ್ಯವಿಧಾನ

ಸರಿಯಾದ ಕ್ರಮದಲ್ಲಿ ಮೂರು ಹೆಜ್ಜೆಗಳಿವೆ: ಸಂಕೇತವನ್ನು ಬೆಳಕಿಗೆ ಬಿಡಿಸುವುದು, ಹರವು ಸಾಕಷ್ಟಿರುವ ಫಿಲ್ಟರಿನಿಂದ ಕಿರಿದುಗೊಳಿಸುವುದು, ಮರಳಿ ಸಂಕೇತಕ್ಕೆ ತರುವುದು. ಉಚಿತವಾಗಿ ದೊರೆಯುವ ಇಮೇಜ್‌ಮ್ಯಾಜಿಕ್ ತಂತ್ರಾಂಶದಲ್ಲಿ ಈ ಮೂರನ್ನೂ ಒಂದೇ ಆದೇಶದಲ್ಲಿ ಕೊಡಬಹುದು:

```
magick saree.jpg -colorspace RGB -filter Mitchell -resize 500x -colorspace sRGB -quality 90 saree-500.jpg
```

ಇಲ್ಲಿ `RGB` ಎಂಬುದು ಬಿಡಿಸಿದ ಬೆಳಕನ್ನೂ `sRGB` ಎಂಬುದು ಸಂಕೇತವನ್ನೂ ಸೂಚಿಸುತ್ತದೆ. ಮೂಲ ಚಿತ್ರ ಎಸ್‌ಆರ್‌ಜಿಬಿ ಪದ್ಧತಿಯಲ್ಲೇ ಇರಬೇಕು. ಕ್ಯಾಮೆರಾವನ್ನು ಬೇರೆ ಪದ್ಧತಿಗೆ ಹೊಂದಿಸಿದ್ದರೆ ಮೊದಲು ಪರಿವರ್ತಿಸಿಕೊಳ್ಳಬೇಕು.

ನಡುವಿನ ಲೆಕ್ಕ 16 ಬಿಟ್‌ಗಳಲ್ಲಿ ನಡೆಯುವುದೂ ಅವಶ್ಯ. ಬಿಡಿಸಿದ ಬೆಳಕನ್ನು ಮತ್ತೆ 256 ಅಂಕಿಗಳಲ್ಲೇ ಬರೆದಿಟ್ಟರೆ, ಮರಳಿ ಸಂಕೇತಕ್ಕೆ ತಂದಾಗ 0ಯ ನಂತರ ನೇರವಾಗಿ 13 ಬರುತ್ತದೆ. ನಡುವಿನ ಕಡುಛಾಯೆಗಳೆಲ್ಲ ಕಳೆದುಹೋಗಿ ಕಪ್ಪು ಸೆರಗಿನ ಮಡಿಕೆಗಳಲ್ಲಿ ಮೆಟ್ಟಿಲುಗಳಂತಹ ಕಲೆ ಕಾಣುತ್ತದೆ. ಪೈಸೆಗಳನ್ನು ಪ್ರತಿ ನಮೂದಿನಲ್ಲೂ ಕೈಬಿಟ್ಟು ಕೊನೆಗೆ ತಾಳೆ ನೋಡಿದಂತೆ ಇದು. ಇಮೇಜ್‌ಮ್ಯಾಜಿಕ್‌ನ ಸಾಮಾನ್ಯ ಆವೃತ್ತಿ 16 ಬಿಟ್‌ಗಳಲ್ಲೇ ಲೆಕ್ಕ ಮಾಡುವುದರಿಂದ ಅಲ್ಲಿ ಈ ತೊಂದರೆಯಿಲ್ಲ.

ಚಿತ್ರಗಳನ್ನು ಜಾಲತಾಣ ನಿರ್ವಾಹಕರೇ ಕಿರಿದುಗೊಳಿಸುತ್ತಿದ್ದರೆ ಅವರ ವ್ಯವಸ್ಥೆಯನ್ನು ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ. ಒಂದು ಪಿಕ್ಸೆಲ್ ಎತ್ತರದ ಕಪ್ಪು ಮತ್ತು ಬಿಳಿ ಗೆರೆಗಳು ಒಂದರ ಕೆಳಗೊಂದು ಬರುವ ಚಿತ್ರವೊಂದನ್ನು ಸಿದ್ಧಪಡಿಸಿ, ಅದನ್ನು ಅರ್ಧಕ್ಕೆ ಇಳಿಸಿಕೊಡಲು ಹೇಳಬೇಕು. ಬಂದ ಚಿತ್ರದ ನಡುಭಾಗದ ಅಂಕಿಯನ್ನು ಯಾವುದೇ ಚಿತ್ರ ತಂತ್ರಾಂಶದ ಬಣ್ಣ ಸೂಚಕದಿಂದ ಓದಬಹುದು. ಅದು ಪೂರ್ತಿ ಕಪ್ಪು ಅಥವಾ ಪೂರ್ತಿ ಬಿಳಿ ಆಗಿದ್ದರೆ ಸರಾಸರಿಯೇ ನಡೆದಿಲ್ಲ. 127 ಅಥವಾ 128 ಬಂದರೆ ಸಂಕೇತಗಳ ಸರಾಸರಿ ನಡೆದಿದೆ. 188ರ ಆಸುಪಾಸಿನಲ್ಲಿದ್ದರೆ ಬೆಳಕಿನ ಲೆಕ್ಕ ಸರಿಯಾಗಿದೆ.

ಮಿತಿಗಳು

ಈ ವಿಧಾನ ಎಲ್ಲ ಕೆಲಸಕ್ಕೂ ಒಗ್ಗುವುದಿಲ್ಲ. ಬಿಳಿ ಹಾಳೆಯ ಮೇಲಿನ ಕಪ್ಪು ಅಕ್ಷರಗಳಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಎಂಟರಲ್ಲಿ ಒಂದು ಪಿಕ್ಸೆಲ್ ಮಾತ್ರ ಕಪ್ಪಾಗಿರುವ ಕಡೆ ಸಂಕೇತಗಳ ಸರಾಸರಿ 223, ಬೆಳಕಿನ ಸರಾಸರಿ 240. ಎರಡನೆಯದೇ ಬೆಳಕಿನ ದೃಷ್ಟಿಯಿಂದ ಸತ್ಯ. ಆದರೆ ಅಕ್ಷರ ತೆಳುವಾಗಿ ಓದಲು ಕಷ್ಟವಾಗುತ್ತದೆ. ಸ್ಕ್ಯಾನ್ ಮಾಡಿದ ಬಿಲ್ಲು, ರಸೀದಿಗಳನ್ನು ಕಿರಿದುಗೊಳಿಸುವಾಗ ಹಳೆಯ ವಿಧಾನವೇ ಅನುಕೂಲ, ಏಕೆಂದರೆ ಅಲ್ಲಿ ಬೇಕಾದದ್ದು ಓದುವಿಕೆ, ಹೊಳಪಿನ ನಿಷ್ಠೆಯಲ್ಲ. ಹಾಗೆಯೇ ಲ್ಯಾಂಜೋಸ್‌ನಂತಹ ಚುರುಕಾದ ಫಿಲ್ಟರನ್ನು ಲೀನಿಯರ್ ಲೈಟ್‌ನಲ್ಲಿ ಬಳಸಿದಾಗ ಪ್ರಖರವಾದ ಅಂಚುಗಳ ಪಕ್ಕದಲ್ಲಿ ಕಪ್ಪು ನೆರಳುಗೆರೆ ಎದ್ದು ಕಾಣಬಹುದು. ಮೇಲಿನ ಆದೇಶದಲ್ಲಿ ಅದಕ್ಕಿಂತ ಮೃದುವಾದ ಮಿಚೆಲ್ ಫಿಲ್ಟರನ್ನು ಆರಿಸಿರುವುದು ಅದಕ್ಕಾಗಿಯೇ.

ಮೂಲ ಛಾಯಾಚಿತ್ರದಲ್ಲೇ ಹುಸಿ ಅಲೆಗಳು ಮೂಡಿದ್ದರೆ ಯಾವ ಫಿಲ್ಟರೂ ಅವನ್ನು ನಂಬಿಕೆಯಿಂದ ತೆಗೆಯಲಾರದು. ಕ್ಯಾಮೆರಾದ ಸಂವೇದಕವೂ ಪಿಕ್ಸೆಲ್‌ಗಳ ಜಾಲವೇ ಆದ್ದರಿಂದ ಅರ್ಧದ ಮಿತಿ ಅದಕ್ಕೂ ಅನ್ವಯಿಸುತ್ತದೆ. ಮೂಲವನ್ನು ಪೂರ್ಣ ಗಾತ್ರದಲ್ಲಿ ತೆರೆದು ನೋಡಿ, ಅಲೆಗಳು ಅಲ್ಲಿಯೇ ಇದ್ದರೆ ಹತ್ತಿರದಿಂದ ಮತ್ತೊಮ್ಮೆ ಚಿತ್ರ ತೆಗೆಸುವುದೇ ದಾರಿ.

ಕೊನೆಯದಾಗಿ, ಸರಿಯಾಗಿ ಕಿರಿದುಗೊಳಿಸಿದ ಚಿತ್ರವನ್ನೂ ಗ್ರಾಹಕರ ಬ್ರೌಸರ್ ತನ್ನ ಪುಟದ ಅಳತೆಗೆ ಮತ್ತೊಮ್ಮೆ ಕಿರಿದುಗೊಳಿಸಬಹುದು, ಅದೂ ಬಹುತೇಕ ಸಂಕೇತಗಳ ಸರಾಸರಿಯಿಂದಲೇ. ಆದ್ದರಿಂದ ಪುಟದಲ್ಲಿ ಚಿತ್ರ ಯಾವ ಅಳತೆಯಲ್ಲಿ ಕಾಣುವುದೋ ಆ ಅಳತೆಯ ಕಡತವನ್ನೇ ಸಿದ್ಧಪಡಿಸಿ ಒದಗಿಸಬೇಕು. ಮೊಬೈಲಿಗೆ ಒಂದು, ಗಣಕಯಂತ್ರಕ್ಕೆ ಒಂದು, ಹಿಗ್ಗಿಸಿ ನೋಡುವವರಿಗೆ ದೊಡ್ಡದೊಂದು. ಇವೆಲ್ಲವನ್ನೂ ಪ್ರತಿ ಬಾರಿಯೂ ಮೂಲ ಚಿತ್ರದಿಂದಲೇ ತಯಾರಿಸತಕ್ಕದ್ದು, ಒಮ್ಮೆ ಕಿರಿದಾದ ಚಿತ್ರದಿಂದಲ್ಲ.